ಪುಟ್ಟಿಗೆ, ಇಎಂಐ ಷೆಡ್ಯೂಲ್ ಓದೋದ್ರ ಬಗ್ಗೆ

ಪ್ರೀತಿಯ ಪುಟ್ಟಿ,

ನೀನು ಕಳ್ಸಿದ ಷೆಡ್ಯೂಲ್ ಪೂರ್ತಿ ನೋಡ್ದೆ. 10 ಲಕ್ಷ ಸಾಲ, ವರ್ಷಕ್ಕೆ 9 ಪರ್ಸೆಂಟ್ ಬಡ್ಡಿ, 120 ತಿಂಗಳು, ಕಂತು 12,668. ಒಂದು ವರ್ಷ ತಪ್ಪದೇ ಕಟ್ಟಿದೀನಿ ದೊಡ್ಡಪ್ಪ, ಒಂದೂವರೆ ಲಕ್ಷದ ಮೇಲೆ ಹೋಗಿದೆ, ಆದ್ರೆ ಸಾಲ ಇಳಿದಿರೋದು 65 ಸಾವಿರಾನೂ ಇಲ್ಲ, ಇವ್ರು ಬಡ್ಡಿನೆಲ್ಲ ಮೊದ್ಲೇ ಹಿಡ್ಕೊಳ್ತಿದಾರಾ ಅಂತ ಕೇಳಿದೀಯ. ಇಲ್ಲಮ್ಮ, ಹಾಗೇನಿಲ್ಲ. ಆದ್ರೆ ನಾನು ಹೇಳ್ದೆ ಅಂತ ನಂಬ್ಬೇಡ, ಆ ಕಾಗದದಲ್ಲೇ ನೀನೇ ಲೆಕ್ಕ ಹಾಕಿ ನೋಡ್ಬೋದು, ಹೇಗೆ ಅಂತ ಹೇಳ್ತೀನಿ, ಪಕ್ಕದಲ್ಲಿ ಕ್ಯಾಲ್ಕುಲೇಟರ್ ಇಟ್ಕೊಂಡು ಓದು.

ಷೆಡ್ಯೂಲ್‌ನಲ್ಲಿ ಎಷ್ಟೇ ಕಾಲಂ ಇರ್ಲಿ, ನಿಂಗೆ ಬೇಕಾಗಿರೋದು ನಾಲ್ಕೇ: ಕಂತು, ಅದ್ರಲ್ಲಿ ಬಡ್ಡಿ ಎಷ್ಟು, ಅಸಲು ಎಷ್ಟು, ಕಟ್ಟಿದ್ಮೇಲೆ ಉಳಿದ ಬಾಕಿ ಎಷ್ಟು. ಎಲ್ಲಾ ಶುರುವಾಗೋದು ಬಾಕಿಯಿಂದ. ವರ್ಷಕ್ಕೆ 9 ಪರ್ಸೆಂಟ್ ಅಂದ್ರೆ ತಿಂಗಳಿಗೆ ಮುಕ್ಕಾಲು ಪರ್ಸೆಂಟ್. ಮೊದಲ ತಿಂಗಳು ನಿನ್ ಹತ್ರ ಅವ್ರ ದುಡ್ಡು ಪೂರ್ತಿ 10 ಲಕ್ಷ ಇತ್ತು, ಅದಕ್ಕೆ ಮುಕ್ಕಾಲು ಪರ್ಸೆಂಟ್ 7,500, ಅದು ಆ ತಿಂಗಳ ಬಡ್ಡಿ. ನೀನು ಕಟ್ಟಿದ 12,668ರಲ್ಲಿ ಅದನ್ನ ಕಳೆದ್ರೆ ಉಳಿಯೋದು 5,168, ಅಷ್ಟೇ ಅಸಲಿಗೆ ಹೋಗಿದ್ದು, ಬಾಕಿ 9,94,832ಕ್ಕೆ ಬಂತು. ಎರಡನೇ ಸಾಲಿಗೆ ಬಾ. ಈಗ ಬಡ್ಡಿ 10 ಲಕ್ಷದ ಮೇಲಲ್ಲ, ಈ ಹೊಸ ಬಾಕಿ ಮೇಲೆ, ಅಂದ್ರೆ 7,461. ಅಸಲಿಗೆ 5,207. ಬಡ್ಡಿ 39 ರೂಪಾಯಿ ಇಳೀತು, ಅಸಲು 39 ರೂಪಾಯಿ ಏರ್ತು. ಆ 39 ಎಲ್ಲಿಂದ ಬಂತು ಅಂತ ನೋಡು, ಹೋದ ತಿಂಗಳು ತೀರಿಸಿದ 5,168ಕ್ಕೆ ಮುಕ್ಕಾಲು ಪರ್ಸೆಂಟ್ ಹಾಕು, ಸರಿಯಾಗಿ ಅಷ್ಟೇ ಬರುತ್ತೆ. ಷೆಡ್ಯೂಲ್ ಪೂರ್ತಿ ಇದೊಂದೇ ಲೆಕ್ಕ, 120 ಸಲ.

ಹಾಗಾಗಿ ಶುರುವಲ್ಲಿ ಬಡ್ಡಿ ಜಾಸ್ತಿ ಇರೋದು ಅವ್ರು ಬಡ್ಡಿನ ಮೊದ್ಲು ಎತ್ಕೊಳ್ತಾರೆ ಅಂತಲ್ಲ, ಶುರುವಲ್ಲಿ ನೀನು ಇಟ್ಕೊಂಡಿರೋ ಸಾಲ ಜಾಸ್ತಿ ಅಂತ. ಕಂತು ಮಾತ್ರ ಪ್ರತಿ ತಿಂಗಳೂ ಒಂದೇ ಇರ್ಬೇಕು ಅಂತ ಕಟ್ಟಿಟ್ಟಿರೋದ್ರಿಂದ ಅಸಲಿಗೆ ಮಿಕ್ಕಿದ್ದು ಸಿಗೋ ಹಾಗಾಗಿದೆ. ನಿನ್ ಕಾಗದದಲ್ಲಿ 29ನೇ ಕಂತಿಗೆ ಹೋಗು, ಮೊದಲ ಸಲ ಅಸಲಿನ ಅಂಕಿ ಬಡ್ಡಿ ಅಂಕಿಗಿಂತ ದೊಡ್ಡದಾಗೋದು ಅಲ್ಲಿ. 60ನೇ ಕಂತು, ಅಂದ್ರೆ ಅರ್ಧ ಅವಧಿ ಮುಗಿದಾಗ, ಬಾಕಿ ಇನ್ನೂ 6,10,000ದ ಹತ್ರ ಇರುತ್ತೆ. ಇದು ತುಂಬಾ ಜನಕ್ಕೆ ಗೊತ್ತಿರಲ್ಲ, ಐದು ವರ್ಷ ಆಯ್ತಲ್ಲ ಅರ್ಧ ತೀರಿರುತ್ತೆ ಅಂದ್ಕೊಂಡು ಸಾಲ ಕ್ಲೋಸ್ ಮಾಡೋಕೆ ಹೋಗ್ತಾರೆ, ಅಲ್ಲಿ ಅಂಕಿ ನೋಡಿ ಗಾಬರಿ ಆಗ್ತಾರೆ. ಕೊನೇ ಕಂತಲ್ಲಿ ಬಡ್ಡಿ ಬರೀ 94 ರೂಪಾಯಿ, ಮಿಕ್ಕಿದ್ದೆಲ್ಲ ಅಸಲು.

ಒಂದು ಸೂಕ್ಷ್ಮ ಇದೆ. ಕೆಲವು ಕಡೆ ಬಡ್ಡಿನ ದಿನದ ಲೆಕ್ಕದಲ್ಲಿ ಹಾಕ್ತಾರೆ, ಆಗ 31 ದಿನದ ತಿಂಗಳಲ್ಲಿ ಸ್ವಲ್ಪ ಜಾಸ್ತಿ, ಫೆಬ್ರವರಿಯಲ್ಲಿ ಕಮ್ಮಿ ಬರುತ್ತೆ. ಸಾಲ ಕೈಗೆ ಬಂದ ದಿನಕ್ಕೂ ಮೊದಲ ಕಂತಿಗೂ ಒಂದು ತಿಂಗಳಿಗಿಂತ ಜಾಸ್ತಿ ಅಂತರ ಇದ್ರೆ ಆ ದಿನಗಳ ಬಡ್ಡಿ ಬೇರೆಯಾಗಿ ಸೇರಿರುತ್ತೆ. ಅಂಥ ವ್ಯತ್ಯಾಸಕ್ಕೆ ತಲೆ ಕೆಡಿಸ್ಕೋಬೇಡ.

ತಲೆ ಕೆಡಿಸ್ಕೋಬೇಕಾಗಿರೋದು ಬೇರೆ ಇದೆ. ನಿನ್ನ ತಮ್ಮನೂ ಸಾಲ ತಗೊಳ್ಳೋಕೆ ಓಡಾಡ್ತಿದಾನಂತಲ್ಲ, ಅವ್ನಿಗೂ ಹೇಳು: ಯಾರೇ ಷೆಡ್ಯೂಲ್ ಕೊಟ್ರೂ ಬಡ್ಡಿ ಕಾಲಂ ಮೇಲಿಂದ ಕೆಳಗೆ ಒಂದ್ಸಲ ಓದ್ಬೇಕು, ಅದು ಇಳೀತಾ ಹೋಗ್ಬೇಕು. ಇಳೀದೇ ಎಲ್ಲಾ ತಿಂಗಳೂ ಒಂದೇ ಅಂಕಿ ಇದ್ರೆ ಅದು ಫ್ಲಾಟ್ ರೇಟ್ ಸಾಲ, ಅಂದ್ರೆ ನೀನು ಎಷ್ಟೇ ತೀರಿಸಿದ್ರೂ ಬಡ್ಡಿ ಮಾತ್ರ ಮೂಲ 10 ಲಕ್ಷದ ಮೇಲೇ ಹಾಕ್ತಿರ್ತಾರೆ. ನಿನ್ ಸಾಲಾನೇ 9 ಪರ್ಸೆಂಟ್ ಫ್ಲಾಟ್ ಆಗಿದ್ರೆ ತಿಂಗಳು ತಿಂಗಳೂ 7,500 ಬಡ್ಡಿ, ಕಂತು 15,833 ಆಗ್ತಿತ್ತು, ಹತ್ತು ವರ್ಷಕ್ಕೆ ಬಡ್ಡಿನೇ 9 ಲಕ್ಷ. ಈಗ ನೀನು ಕಟ್ಟೋ ಒಟ್ಟು ಬಡ್ಡಿ 5,20,000 ಚಿಲ್ಲರೆ. ಬಾಯಲ್ಲಿ ಹೇಳೋದು ಎರಡಕ್ಕೂ 9 ಪರ್ಸೆಂಟೇ, ಆದ್ರೆ ಆ ಫ್ಲಾಟ್ ಸಾಲಾನ ನಿನ್ ಸಾಲದ ಥರ ಇಳಿಯೋ ಬಾಕಿ ಮೇಲೆ ಲೆಕ್ಕ ಹಾಕಿದ್ರೆ ಹದಿನಾಲ್ಕೂವರೆ ಪರ್ಸೆಂಟ್ ಆಗುತ್ತೆ. ರೇಟ್ ಎಷ್ಟು ಅಂತ ಕೇಳೋದ್ರ ಜೊತೆಗೆ ಷೆಡ್ಯೂಲ್ ಕೊಡಿ ಅಂತ ಸಹಿ ಹಾಕೋಕೆ ಮುಂಚೇನೇ ಕೇಳ್ಲಿ.

ಇನ್ನು ನಿನ್ ಹತ್ರ ಇರೋ 1 ಲಕ್ಷದ ವಿಷಯ. ಕಟ್ಟಿಬಿಡ್ಲಾ ಅಂತ ಕೇಳಿದೀಯ. ಬೇರೆ ಖರ್ಚಿಗೆ ಕೈಯಲ್ಲಿ ದುಡ್ಡು ಇದೆ ಅಂತಾದ್ರೆ, ಪಾರ್ಟ್ ಪೇಮೆಂಟ್‌ಗೆ ಚಾರ್ಜ್ ಎಷ್ಟು ಅಂತ ಅಗ್ರಿಮೆಂಟ್‌ನಲ್ಲಿ ನೋಡ್ಕೊಂಡು ಕಟ್ಟು. ಆದ್ರೆ ಕಟ್ಟುವಾಗ ಅವ್ರು ಒಂದು ಪ್ರಶ್ನೆ ಕೇಳ್ತಾರೆ, ಕೇಳ್ದಿದ್ರೆ ನೀನೇ ಕೇಳು: ಕಂತು ಇಳಿಸೋದಾ, ಅವಧಿ ಇಳಿಸೋದಾ ಅಂತ. 12 ಕಂತು ಆದ್ಮೇಲೆ ನಿನ್ ಬಾಕಿ ಸುಮಾರು 9,35,366, 1 ಲಕ್ಷ ಕಳೆದ್ರೆ 8,35,366. ಕಂತು ಇಳಿಸಿದ್ರೆ ಉಳಿದ 108 ತಿಂಗಳೂ 11,313ರ ಹಾಗೆ ಕಟ್ತೀಯ, ಕೊನೆಗೆ ಬಡ್ಡಿಯಲ್ಲಿ ಉಳಿಯೋದು 46 ಸಾವಿರ. ಕಂತು ಅದೇ 12,668 ಇಟ್ಕೊಂಡು ಅವಧಿ ಇಳಿಸಿದ್ರೆ 108ರ ಬದಲು 92 ತಿಂಗಳಿಗೆ ಸಾಲ ಮುಗಿಯುತ್ತೆ, ಆ ಕೊನೇ ಕಂತೂ ಸಣ್ಣದು, ಉಳಿಯೋದು 1,11,000. ಎರಡರಲ್ಲೂ ರೇಟ್ ಒಂದೇ, ವ್ಯತ್ಯಾಸ ಯಾಕೆ ಅಂದ್ರೆ ಎರಡನೇದರಲ್ಲಿ ಪ್ರತಿ ತಿಂಗಳೂ ಸಾವಿರದ ಮುನ್ನೂರ ಚಿಲ್ಲರೆ ಜಾಸ್ತಿ ಅಸಲಿಗೆ ಹೋಗ್ತಾನೇ ಇರುತ್ತೆ, ಬಾಕಿ ಬೇಗ ಕರಗುತ್ತೆ. ನಿಂಗೆ ತಿಂಗಳ ಕಂತು ಭಾರ ಅನ್ನಿಸ್ತಿಲ್ಲ ಅಂತ ಹೇಳಿದೀಯಲ್ಲ, ಹಾಗಿದ್ರೆ ಅವಧಿ ಇಳಿಸು. ಭಾರ ಆಗ್ತಿದ್ರೆ ಕಂತು ಇಳಿಸೋದ್ರಲ್ಲಿ ತಪ್ಪೇನಿಲ್ಲ, ಮನೆ ನಡೀಬೇಕಲ್ವಾ.

ಕಟ್ಟಿದ್ಮೇಲೆ ಹೊಸ ಷೆಡ್ಯೂಲ್ ಕೇಳಿ ತಗೋ, ರಸೀದಿ ಸಿಕ್ತು ಅಂತ ಸುಮ್ನಾಗ್ಬೇಡ. ಅದ್ರಲ್ಲಿ 13ನೇ ಕಂತಿನ ಬಡ್ಡಿ ಮಾತ್ರ ನೋಡು, ತಿಂಗಳ ಮೊದ್ಲೇ ಕಟ್ಟಿದ್ರೆ ಅದು 6,265ರ ಆಸುಪಾಸಲ್ಲಿ ಇರ್ಬೇಕು. ತಿಂಗಳ ಮಧ್ಯೆ ಕಟ್ಟಿದ್ರೆ ಕೆಲವು ದಿನ ಹಳೇ ಬಾಕಿಗೂ ಬಡ್ಡಿ ಬಿದ್ದಿರೋದ್ರಿಂದ ಸ್ವಲ್ಪ ಜಾಸ್ತಿ ಇರ್ಬೋದು, ಆಗ 14ನೇದು ನೋಡು. ಆದ್ರೆ ಹಳೇ ಕಾಗದದಲ್ಲಿರೋ ಹಾಗೆ 7,015 ಅಂತಾನೇ ಇದ್ರೆ ನಿನ್ 1 ಲಕ್ಷ ಅಸಲಿಗೆ ಹೋಗಿಲ್ಲ ಅಂತ ಅರ್ಥ. ಮುಂದಿನ ಕಂತುಗಳಿಗೆ ಅಡ್ವಾನ್ಸ್ ಅಂತ ಪಕ್ಕಕ್ಕೆ ಇಟ್ಟಿರ್ತಾರೆ, ಹಾಗಿಟ್ರೆ ಬಡ್ಡಿ ಒಂದು ರೂಪಾಯಿನೂ ಇಳಿಯಲ್ಲ. ಅಂಥದ್ದು ಕಂಡ್ರೆ ಫೋನಲ್ಲಿ ಮಾತಾಡಿ ಬಿಡ್ಬೇಡ, ಈ ದುಡ್ಡನ್ನ ಕಟ್ಟಿದ ದಿನದಿಂದಾನೇ ಅಸಲಿಗೆ ಜಮಾ ಮಾಡಿ ಅಂತ ಅವತ್ತೇ ಬರ್ದು ಕೊಡು, ಒಂದು ಕಾಪಿ ಮೇಲೆ ಸೀಲು ಹಾಕಿಸ್ಕೊಂಡು ಇಟ್ಕೋ. ಹೊಸ ಷೆಡ್ಯೂಲ್ ಬಂದ ತಕ್ಷಣ ಫೋಟೋ ತೆಗೆದು ನಂಗೂ ಕಳ್ಸು.

ಇಂತಿ,
ನಿನ್ನ ದೊಡ್ಡಪ್ಪ