ಬಿಟ್ಟದ್ದನ್ನೆಲ್ಲ ಕೂಡಿಸಬೇಡ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ಮನೆ ಸುದ್ದಿಯನ್ನೆಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳಿದ್ದಾನೆ, ಅದು ಬೇಡ. ನಿನ್ನ ಕಾಗದದಲ್ಲಿ ಒಂದು ಸಾಲು ಇದೆಯಲ್ಲ, ಅದೇ ತಲೆಯಲ್ಲಿ ಕೂತುಬಿಟ್ಟಿದೆ. “ಕಾಮರ್ಸ್ ತಗೊಂಡರೆ ಸೈನ್ಸ್ ಹೋಯಿತು, ಡಿಪ್ಲೊಮಾ ಹೋಯಿತು, ಆರ್ಟ್ಸೂ ಹೋಯಿತು. ಏನು ಮಾಡಿದರೂ ಲಾಭ ಒಂದು, ನಷ್ಟ ಮೂರು” ಅಂತ ಬರೆದಿದ್ದೀಯ. ಈ ಲೆಕ್ಕ ನಿನಗೆ ಯಾರು ಹೇಳಿಕೊಟ್ಟರು?

ತಿಪಟೂರಿನಲ್ಲಿ ಎಪಿಎಂಸಿ ಹತ್ತಿರ ನಾನು ದಿನಾ ಪೇಪರ್ ಓದುವ ಟೀ ಅಂಗಡಿಯ ಕಥೆ ಹೇಳುತ್ತೇನೆ. ಅವನನ್ನು ಎಲ್ಲರೂ ಟೀ ಅಣ್ಣ ಅಂತಲೇ ಕರೆಯುವುದು. ಒಬ್ಬನೇ ಆಳು, ಒಂದೇ ಒಲೆ. ಎದುರಿನ ಮಹಡಿಯ ಆಫೀಸಿನಿಂದ ಬೆಳಿಗ್ಗೆ 11ಕ್ಕೆ 12 ಟೀ ಬೇಕು ಅಂತ ಹೇಳಿಕಳಿಸುತ್ತಿದ್ದರು. ಫ್ಲಾಸ್ಕಿಗೆ ತುಂಬಿ, ಮೆಟ್ಟಿಲು ಹತ್ತಿ, ಎಲ್ಲರಿಗೂ ಬಗ್ಗಿಸಿಕೊಟ್ಟು, ದುಡ್ಡು ಇಸಕೊಂಡು ಬರುವುದಕ್ಕೆ ಕಾಲು ಗಂಟೆ ಬೇಕು. ಹಾಲು, ಸಕ್ಕರೆ, ಪುಡಿ, ಗ್ಯಾಸ್ ಎಲ್ಲ ಕಳೆದು ಒಂದು ಟೀಗೆ 5 ರೂಪಾಯಿ ಉಳಿಯುತ್ತೆ ಅಂದುಕೋ. ಹನ್ನೆರಡಕ್ಕೆ 60. ಜೇಬಿಗೆ ಬಿದ್ದ ದುಡ್ಡು, ಅವನಿಗೂ ಖುಷಿ.

ಒಂದು ಸಲ ಕೊಬ್ಬರಿ ಹರಾಜಿನ ದಿನ ಅವನು ಮೇಲೆ ಹೋದಾಗ ನಾನು ಬೆಂಚಿನ ಮೇಲೆ ಕೂತು ಸುಮ್ನೆ ಎಣಿಸಿದೆ. ರೈತರು, ಹಮಾಲರು, ಲಾರಿಯವರು ಬರುತ್ತಾರೆ, ಒಲೆ ಮುಂದೆ ಯಾರೂ ಇಲ್ಲ, ಪಕ್ಕದ ಅಂಗಡಿಗೆ ಹೋಗುತ್ತಾರೆ. 20 ಜನ ಹಾಗೆ ಹೋದರು. ಅಂದರೆ 100 ರೂಪಾಯಿ. 60 ರೂಪಾಯಿ ತರುವುದಕ್ಕೆ ಅವನು 100 ಬಿಟ್ಟು ಹೋಗಿದ್ದ. ಆ 100 ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ. ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಮಧ್ಯಾಹ್ನ 3ಕ್ಕೆ ಅದೇ ಮೆಟ್ಟಿಲು ಹತ್ತಿದರೆ ಕೆಳಗೆ ನಾಲ್ಕು ಜನ ತಪ್ಪಿಹೋದರೆ ಹೆಚ್ಚು. 20 ರೂಪಾಯಿ ಬಿಟ್ಟು 60 ತಂದ ಹಾಗೆ. ನಿಮ್ಮ ಕಾಮರ್ಸಿನವರು ಅವಕಾಶ ವೆಚ್ಚ ಅನ್ನುವುದು ಇದನ್ನೇ.

ಈಗ ಹರಾಜಿನ ದಿನ 11ಕ್ಕೆ ಅವನು ಅಂಗಡಿ ಬಿಟ್ಟು ಅಲ್ಲಾಡುವುದಿಲ್ಲ, “ಯಾರನ್ನಾದರೂ ಕಳಿಸಿ ಸಾರ್” ಅಂತಾನೆ. ಉಳಿದ ದಿನ ಅದೇ ಹೊತ್ತಿಗೆ ಆರಾಮಾಗಿ ಹೋಗಿ ಬರುತ್ತಾನೆ. ಎಲ್ಲವೂ ದುಡ್ಡಿನ ಲೆಕ್ಕಕ್ಕೆ ಸಿಗುವುದಿಲ್ಲ ಬಿಡು. ಪಕ್ಕದ ಅಂಗಡಿ ರುಚಿ ಹತ್ತಿದವನು ನಾಳೆ ವಾಪಸ್ ಬರುತ್ತಾನೋ ಇಲ್ಲವೋ, ಅದನ್ನು ಎಣಿಸುವುದು ಹೇಗೆ?

ನಿನ್ನ ಹೆದರಿಕೆಗೆ ಬರುತ್ತೇನೆ. ಆ ಕಾಲು ಗಂಟೆಯಲ್ಲಿ ಟೀ ಅಣ್ಣ ಲೋಟ ತೊಳೆಯಬಹುದಿತ್ತು. ಸಂಜೆ ಬಜ್ಜಿಗೆ ಈರುಳ್ಳಿ ಹೆಚ್ಚಬಹುದಿತ್ತು. ಅದನ್ನೂ ಈ 100ಕ್ಕೆ ಸೇರಿಸಬೇಕಾ? ಬೇಡ. ಮೇಲೆ ಹೋಗದೆ ಇದ್ದಿದ್ದರೂ ಇರುವ ಎರಡು ಕೈಯಲ್ಲಿ ಮೂರೂ ಆಗುತ್ತಿರಲಿಲ್ಲ. ಬಿಟ್ಟವುಗಳಲ್ಲಿ ಯಾವುದು ಎಲ್ಲಕ್ಕಿಂತ ಮೇಲೋ ಅದೊಂದೇ ಅವನು ತೆತ್ತ ಬೆಲೆ. ನೀನು ಸೈನ್ಸ್, ಡಿಪ್ಲೊಮಾ, ಆರ್ಟ್ಸ್ ಮೂರನ್ನೂ ಕೂಡಿಸಿದ್ದೀಯ. ಮೂರನ್ನೂ ಒಟ್ಟಿಗೆ ಓದುವುದಕ್ಕೆ ಎಲ್ಲಿ ಆಗುತ್ತಿತ್ತು ಹೇಳು?

ನಾನೂ ಹೀಗೇ ಕೂಡಿಸುತ್ತಿದ್ದೆ ಕಣಮ್ಮ. ಗುಮಾಸ್ತನ ಕೆಲಸಕ್ಕೆ ಸೇರಿದ ಮೇಲೆ ಬಿ.ಎಡ್. ತಪ್ಪಿತು, ಬೆಂಗಳೂರಿನಲ್ಲಿ ಗೆಳೆಯನ ಜೊತೆ ಅಂಗಡಿ ಹಾಕುವುದು ತಪ್ಪಿತು, ಮಿಲಿಟರಿ ತಪ್ಪಿತು ಅಂತ ರಾತ್ರಿ ಮಲಗಿದರೆ ಇದೇ ಯೋಚನೆ. ನಿಮ್ಮ ದೊಡ್ಡಮ್ಮ ರೇಗುತ್ತಿದ್ದಳು. ಅಂಗಡಿ, ಮಿಲಿಟರಿ ಸುಮ್ನೆ ಲೆಕ್ಕಕ್ಕೆ ಸೇರಿಕೊಂಡಿದ್ದವು, ಅವಕ್ಕೆ ನಾನು ಹೋಗುವವನೇ ಅಲ್ಲ. ಬಿ.ಎಡ್. ಮಾತ್ರ ನಿಜ. ಶಾಲೆ ಬಿಡುವ ಹೊತ್ತಿಗೆ ಆ ಕಡೆ ಹೋದರೆ ಈಗಲೂ ಚುರುಕ್ ಅನ್ನುತ್ತೆ.

ಹೇಳಬಾರದು, ಓದುವವಳು ನೀನು. ಆದರೂ ಒಂದು ಮಾತು. ಪಿಯುಸಿಯಲ್ಲಿ ಸೈನ್ಸ್ ಓದಿದವರು ಆಮೇಲೆ ಬಿ.ಕಾಂ. ಸೇರಬಹುದು. ಕಾಮರ್ಸ್ ಓದಿ ಇಂಜಿನಿಯರಿಂಗ್ ಸೇರುವುದು ಆಗುವುದಿಲ್ಲ, ಫಿಸಿಕ್ಸು ಮ್ಯಾಥ್ಸು ಬೇಕು. ಡಿಪ್ಲೊಮಾ ಮುಗಿಸಿದವರಿಗೆ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಸೀಟು ಸಿಗುವ ದಾರಿ ಇದೆ. ಹಾಗಂತ ಸೈನ್ಸೇ ತಗೋ ಅಂತ ಅಲ್ಲ. ಇಂಜಿನಿಯರಿಂಗ್ ನಿನಗೆ ಬೇಡವೇ ಬೇಡ ಅಂದರೆ ಆ ಬಾಗಿಲು ಮುಚ್ಚಿದರೆ ನಿನಗೇನು ಹೋಯಿತು?

ಇನ್ನು ಅಪ್ಪ ಸೈನ್ಸ್ ಟ್ಯೂಷನ್ನಿಗೆ ಆಗಲೇ ಕಟ್ಟಿದ ದುಡ್ಡು. ಯಾವುದು ತಗೊಂಡರೂ ಅದು ವಾಪಸ್ ಬರುವುದಿಲ್ಲ, ಅದನ್ನು ತಕ್ಕಡಿಗೆ ಹಾಕಬೇಡ. ಅವನ ಹತ್ತಿರ ಬೇಕಾದರೆ ನಾನು ಮಾತಾಡುತ್ತೇನೆ. ಅವನು ನನ್ನ ಮಾತು ಕೇಳುತ್ತಾನೆ ಅಂತಲ್ಲ.

ಮೂರು ನಷ್ಟ ಅಂತ ಬರೆದೆಯಲ್ಲ, ಅದರಲ್ಲಿ ಎರಡನ್ನು ಹೊಡೆದುಹಾಕಿ ಉಳಿದದ್ದು ಯಾವುದು ಅಂತ ನನಗೆ ಬರೆದು ಕಳಿಸು. ಫಾರಂ ತುಂಬುವುದಕ್ಕೆ ಮುಂಚೆಯೇ ಕಳಿಸು, ಆಯ್ತಾ.

ನಿನ್ನ ದೊಡ್ಡಪ್ಪ