ಕಮಿಷನ್ ಇದೆ ಎಂದು ವಿಡಿಯೊದಲ್ಲೇ ಹೇಳಿ

ಸಂಪಾದಕರೇ,

ಒಂದು ವಿಡಿಯೊ ನೋಡಿ, ಅದರ ಕೆಳಗಿದ್ದ ಲಿಂಕಿನಿಂದಲೇ ಮೈಕ್ ಕೊಂಡೆ. ಅದರಿಂದ ವಿಡಿಯೊ ಮಾಡಿದವರಿಗೆ ಕಮಿಷನ್ ಹೋಗುತ್ತದೆ ಎಂದು ಆಮೇಲೆ ತಿಳಿಯಿತು. ಆ ಮಾತು ವಿವರಣೆಯ ಕೊನೆಯಲ್ಲಿ, ಹ್ಯಾಷ್‌ಟ್ಯಾಗ್‌ಗಳ ಕೆಳಗಿತ್ತು. ಅಷ್ಟು ದೂರ ತೆರೆದು ಓದುವವರು ಕಡಿಮೆ, ಅಲ್ವಾ? ಟಿವಿಯಲ್ಲಿ ನೋಡುವವರ ಕಣ್ಣಿಗಂತೂ ಅದು ಬೀಳುವುದೇ ಕಷ್ಟ.

ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಟಿಸಿಯ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ವಿವರಣೆಯಲ್ಲಿ ಬರೆದರಷ್ಟೇ ಸಾಲದು, ವಿಡಿಯೊದಲ್ಲೂ ಹೇಳಬೇಕು. ಸುಮ್ನೆ ‘ಅಫಿಲಿಯೇಟ್ ಲಿಂಕ್’ ಎಂದರೆ ಎಷ್ಟೋ ಜನರಿಗೆ ಅರ್ಥವಾಗುವುದಿಲ್ಲ. ‘ಇಲ್ಲಿಂದ ಕೊಂಡರೆ ನನಗೆ ಕಮಿಷನ್ ಬರುತ್ತದೆ’ ಎಂದು ಲಿಂಕಿನ ಪಕ್ಕದಲ್ಲೇ ಬರೆಯಲಿ.

ಕಮಿಷನ್ ಜಾಸ್ತಿ ಅಂತ ತಾವೇ ಬಳಸದ ಮೈಕಿಗೆ ಲಿಂಕ್ ಕೊಡಬೇಡಿ. ತಿಂಗಳುಗಟ್ಟಲೆ ಬಳಸಿದ್ದನ್ನು, ಗಾಳಿಯ ಸದ್ದು ಹಿಡಿಯುತ್ತದೆ ಎಂಬಂಥ ಕೊರತೆಯನ್ನೂ ಹೇಳಿ ತೋರಿಸಿದರೆ, ನಾನು ಖುಷಿಯಿಂದ ಅದೇ ಲಿಂಕ್ ಒತ್ತುತ್ತೇನೆ.

– ಒಬ್ಬ ವೀಕ್ಷಕಿ