‘ಮೇಲ್ನೋಟಕ್ಕೆ ಸಾಬೀತು’ ಎಂಬ ಸಾಲಿನ ಬಗ್ಗೆ

ಪ್ರೀತಿಯ ತಮ್ಮನಿಗೆ,

ನೀನು ಕಳಿಸಿದ ಕೋರ್ಟ್ ವರದಿ ಓದಿದೆ. ಸಹಕಾರ ಸಂಘದ ಕಾರ್ಯದರ್ಶಿ 4 ಲಕ್ಷ ರೂಪಾಯಿ ನುಂಗಿದ ಎಂಬ ಕೇಸು. ವಿವರಗಳನ್ನು ಚೆನ್ನಾಗಿ ಕಲೆಹಾಕಿದ್ದೀಯ. ಆದರೆ ಮೊದಲ ಸಾಲಲ್ಲೇ ನನಗೆ ತಡೆಯಾಯಿತು: ‘ಆರೋಪ ಮೇಲ್ನೋಟಕ್ಕೆ ಸಾಬೀತಾಗಿದೆ.’

ಇಂಥದೇ ಸಾಲನ್ನು ನಾನೂ ಒಮ್ಮೆ ಬರೆದಿದ್ದೆ. ಎರಡು ವರ್ಷದ ನಂತರ ಆ ಆರೋಪಿ ಖುಲಾಸೆಯಾದ. ಅವನ ಮಗಳು ನನ್ನ ವರದಿಯ ಕಟಿಂಗ್ ಹಿಡಿದು ಕಚೇರಿಗೆ ಬಂದಳು. ‘ಸಾಬೀತಾಗಿದೆ ಅಂತ ನೀವೇ ಬರೆದಿದ್ದಿರಿ. ಈಗ ಊರವರು, ದುಡ್ಡು ಕೊಟ್ಟು ಬಿಡಿಸಿಕೊಂಡ್ರು ಅಂತಾರೆ’ ಎಂದಳು. ನಾನು ಏನೂ ಹೇಳಲಾಗಲಿಲ್ಲ. ಆ ಕಟಿಂಗ್ ಇವತ್ತಿಗೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಕೋರ್ಟಿನ ಭಾಷೆಯ ಪ್ರೈಮಾ ಫೇಸೀ ಅಂದರೆ ಮೊದಲ ನೋಟಕ್ಕೆ ಕಂಡದ್ದು. ‘ಮೇಲ್ನೋಟಕ್ಕೆ’ ಅನ್ನುವ ನಮ್ಮ ಮಾತು ಸರಿಯಾಗಿಯೇ ಇದೆ. ತಪ್ಪೆಲ್ಲ ಅದರ ಪಕ್ಕ ಬಂದು ಕೂತ ‘ಸಾಬೀತು’ವಿನದು. ಮೇಲ್ನೋಟಕ್ಕೆ ಯಾವುದೂ ಸಾಬೀತಾಗುವುದಿಲ್ಲ.

ನಿನ್ನ ಕೇಸಿನಲ್ಲಿ ಆ ದಿನ ನಡೆದದ್ದು ಆರೋಪ ನಿಗದಿ. ಪೊಲೀಸರು ಚಾರ್ಜ್‌ಶೀಟ್ ಹಾಕಿದ್ದಾರೆ. ಸದಸ್ಯರು ಹಣ ಕಟ್ಟಿದ ರಸೀದಿಗಳಿವೆ, ಅವುಗಳ ಮೇಲೆ ಕಾರ್ಯದರ್ಶಿಯ ಸಹಿ ಇದೆ, ಆದರೆ ಆ ಹಣ ಸಂಘದ ನಗದು ಪುಸ್ತಕಕ್ಕೆ ಬಂದಿಲ್ಲ. ಈ ಹಂತದಲ್ಲಿ ನ್ಯಾಯಾಧೀಶರು ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಪೊಲೀಸರು ತಂದಿರುವುದನ್ನು ಹಾಗೇ ಒಪ್ಪಿಕೊಂಡರೆ, ವಿಚಾರಣೆ ನಡೆಸುವಷ್ಟು ಬಲವಾದ ಅನುಮಾನ ಹುಟ್ಟುತ್ತದೆಯೇ? ಹುಟ್ಟಿದರೆ ವಿಚಾರಣೆ ಶುರು. ಇಲ್ಲವಾದರೆ ಆರೋಪಿಯನ್ನು ಅಲ್ಲಿಯೇ ಕೈಬಿಡುತ್ತಾರೆ.

ಕಾರ್ಯದರ್ಶಿ ತನ್ನ ಕಡೆಯಿಂದ ಒಂದು ಚೀಟಿ ತಂದಿದ್ದ, ಅಲ್ವಾ? ಹಣವನ್ನು ಅಧ್ಯಕ್ಷರಿಗೆ ಕೊಟ್ಟಿದ್ದೇನೆ ಎಂಬ ಚೀಟಿ. ‘ನ್ಯಾಯಾಧೀಶರು ಅದನ್ನು ತಳ್ಳಿಹಾಕಿದರು’ ಎಂದು ಬರೆದಿದ್ದೀಯ. ಅವರು ತಳ್ಳಿಹಾಕಲಿಲ್ಲ, ನೋಡಲೇ ಇಲ್ಲ. ಆರೋಪಿಯ ದಾಖಲೆಗಳನ್ನು ಸಾಮಾನ್ಯವಾಗಿ ಈ ಹಂತದಲ್ಲಿ ಪರಿಗಣಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಒಡಿಶಾದ ಒಂದು ಪ್ರಕರಣದಲ್ಲಿ ಹೇಳಿದೆ. ಆ ಚೀಟಿಗೆ ಬೆಲೆ ಬರುವುದು ಮುಂದೆ. ಸಾಕ್ಷಿಗಳು ಕಟಕಟೆಗೆ ಬಂದು, ಪಾಟಿ ಸವಾಲು ನಡೆದು, ಸಹಿ ನಿಜವೋ ಸುಳ್ಳೋ ಎಂದು ನೋಡುವಾಗ. ಶಿಕ್ಷೆಯಾಗಬೇಕಾದರೆ ಅನುಮಾನಕ್ಕೆ ಎಡೆಯಿಲ್ಲದಂತೆ ರುಜುವಾಗಬೇಕು. ಅದಕ್ಕೂ ಇವತ್ತಿನ ಅನುಮಾನಕ್ಕೂ ತುಂಬಾ ದೂರ ಇದೆ.

ಅದಕ್ಕೆ ನಿನ್ನ ಸಾಲು ಹೀಗಿರಲಿ: ‘ವಿಚಾರಣೆ ನಡೆಸಲು ಮೇಲ್ನೋಟಕ್ಕೆ ಸಾಕಷ್ಟು ಆಧಾರವಿದೆ ಎಂದು ನ್ಯಾಯಾಲಯ ಹೇಳಿದೆ.’ ಸ್ವಲ್ಪ ಉದ್ದ, ಆದರೆ ನಿಜ. ಜಾಮೀನು ಆದೇಶದಲ್ಲಿ ಈ ಮಾತು ಬಂದರೆ ಕೊನೆಯ ಪ್ಯಾರಾ ತಪ್ಪದೆ ಓದು. ಇಲ್ಲಿ ಹೇಳಿದ್ದು ಜಾಮೀನಿಗೆ ಮಾತ್ರ, ಮುಂದಿನ ವಿಚಾರಣೆಗೆ ಅನ್ವಯಿಸುವುದಿಲ್ಲ ಎಂದು ಎಷ್ಟೋ ಸಲ ನ್ಯಾಯಾಧೀಶರೇ ಬರೆದಿರುತ್ತಾರೆ. ನಾವು ಅದನ್ನೇ ಬಿಟ್ಟುಬಿಡುತ್ತೇವೆ.

ಕೋರ್ಟ್ ವರದಿಗಳಲ್ಲಿ ಬರುವ ಇನ್ನೊಂದು ಮಾತು ಸುವೋ ಮೋಟೋ. ಅದಕ್ಕೆ ಇಷ್ಟು ಹೇಳಬೇಕಿಲ್ಲ. ಯಾರೂ ಅರ್ಜಿ ಹಾಕದಿದ್ದರೂ ಕೋರ್ಟ್ ತಾನಾಗಿಯೇ ವಿಷಯ ಕೈಗೆತ್ತಿಕೊಂಡಿತು, ಅಷ್ಟೇ. 2021ರ ಏಪ್ರಿಲ್‌ನಲ್ಲಿ ಕೋವಿಡ್ ರೋಗಿಗಳಿಗೆ ಆಮ್ಲಜನಕ ಸಿಗದಿದ್ದಾಗ ಸುಪ್ರೀಂ ಕೋರ್ಟ್ ಹೀಗೆ ಮಾಡಿತ್ತು. ‘ಸ್ವಯಂಪ್ರೇರಿತ’ಕ್ಕಿಂತ ‘ತಾನಾಗಿಯೇ’ ನನಗೆ ಇಷ್ಟ. ಆದರೆ ಒಂದು ಕಡೆ ಎಡವುವವರು ಜಾಸ್ತಿ. ವಕೀಲರೊಬ್ಬರು ಬೆಳಿಗ್ಗೆ ಎದ್ದು ನಿಂತು ಪತ್ರಿಕೆ ತೋರಿಸುತ್ತಾರೆ, ನ್ಯಾಯಾಧೀಶರು ‘ಅರ್ಜಿ ಹಾಕಿ, ನೋಡೋಣ’ ಅನ್ನುತ್ತಾರೆ. ಇದು ಸುವೋ ಮೋಟೋ ಅಲ್ಲ. ಅರ್ಜಿ ಬರಲಿ ಎಂದೇ ಕೋರ್ಟ್ ಹೇಳಿದೆಯಲ್ಲ!

ಇನ್ನು ಸಬ್ ಜುಡೀಸ್. ಅಂದರೆ ವಿಷಯ ಕೋರ್ಟಿನ ಮುಂದಿದೆ, ಇನ್ನೂ ತೀರ್ಮಾನವಾಗಿಲ್ಲ. ಸಂಘದ ಅಧ್ಯಕ್ಷರು ‘ಕೇಸು ಕೋರ್ಟಿನಲ್ಲಿದೆ, ಏನೂ ಬರೆಯಬೇಡಿ’ ಅಂದಾಗ ನೀನು ಸುಮ್ನೆ ವಾಪಸ್ ಬಂದೆಯಂತೆ. ಬರಬೇಕಿರಲಿಲ್ಲ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಕೋರ್ಟಿನಲ್ಲಿ ನಡೆದದ್ದನ್ನು ನಿಷ್ಪಕ್ಷಪಾತವಾಗಿ, ಸರಿಯಾಗಿ ವರದಿ ಮಾಡುವುದು ನಿಂದನೆಯಲ್ಲ. ಗುಪ್ತ ವಿಚಾರಣೆ ಅಥವಾ ಪ್ರಕಟಿಸಬಾರದೆಂಬ ಆದೇಶ ಇದ್ದರೆ ಅದು ಬೇರೆ ಮಾತು. ತೀರ್ಪಿಗೆ ಮುಂಚೆ ನಾವೇ ಕಳ್ಳ ಎಂದು ತೀರ್ಮಾನಿಸಿ ಬರೆಯುವುದು ತಪ್ಪು. ಆದರೆ ಸದಸ್ಯರ ಹಣ ಯಾವಾಗ ವಾಪಸ್ ಬರುತ್ತದೆ, ಈಗ ಸಂಘದ ಲೆಕ್ಕ ಯಾರು ನೋಡುತ್ತಿದ್ದಾರೆ ಎಂದು ಕೇಳಲು ಯಾವ ಅಡ್ಡಿಯೂ ಇಲ್ಲ.

ನಾಳೆಯೇ ಹೋಗಿ ಅಧ್ಯಕ್ಷರಿಗೆ ಆ ಎರಡು ಪ್ರಶ್ನೆ ಕೇಳು. ಮೊದಲ ಸಾಲು ತಿದ್ದಿ ವರದಿ ಮತ್ತೆ ಕಳಿಸು, ಸಂಜೆ ಓದುತ್ತೇನೆ.

ನಿನ್ನ ಅಣ್ಣ